ಗಿಡ್ಡ ಕೂದಲು ಮುಳ್ಳುಹಂದಿ ಥರ ಎದ್ದು ನಿಲ್ಲುತ್ತಿದೆ, ಎಲ್ಲಿ ತಪ್ಪಿದ್ದೇನೆ?

ತುಂಗೆದಂಡೆ
ಎಲ್ಲರಿಗೂ ನಮಸ್ಕಾರ. ಊರು ತೀರ್ಥಹಳ್ಳಿ ಹತ್ತಿರ. ನಾಲ್ಕು ನಿಮಿಷದ ಒಂದು ಅನಿಮೇಶನ್ ಮಾಡುತ್ತಿದ್ದೇನೆ. ಒಂಬತ್ತು ವರ್ಷದ ಹುಡುಗ ಗೊರಬು ಹೊದ್ದುಕೊಂಡು ಮಳೆಯಲ್ಲಿ ಶಾಲೆಗೆ ಹೋಗುತ್ತಾನೆ, ಅಷ್ಟೇ ಕಥೆ. ಹುಡುಗನಿಗೆ ನಮ್ಮೂರ ಶಾಲೆ ಮಕ್ಕಳ ಕಟಿಂಗ್ ಬೇಕು. ಮೇಲೆ ಎರಡು ಸೆಂಟಿಮೀಟರ್, ಪಕ್ಕದಲ್ಲಿ ಮಿಷನ್ ಹೊಡೆದದ್ದು, ಹಿಂದೆ ಸುಳಿ ಕಾಣಬೇಕು.

ಬ್ಲೆಂಡರ್ 4.2. `Empty Hair` ಹಾಕಿ, ಸ್ಕಲ್ಪ್ಟ್ ಮೋಡ್‌ನಲ್ಲಿ ಸುಮಾರು 120 ಗೈಡ್ ಕೂದಲು ನೆಟ್ಟು ಬಾಚಿದ್ದೇನೆ. ಆಮೇಲೆ `Interpolate Hair Curves`, ಅದರ ಮೇಲೆ `Clump Hair Curves`. ಉದ್ದ ಜಡೆಯ ಹುಡುಗಿಗೆ ಇದೇ ಸೆಟ್ಟಿಂಗ್ ಹಾಕಿದ್ದಾಗ ಚೆನ್ನಾಗಿಯೇ ಬಂದಿತ್ತು. ಈ ಹುಡುಗನ ತಲೆ ಮಾತ್ರ ಮುಳ್ಳುಹಂದಿ. ಒಂದೊಂದು ಗುಂಪೂ ದಪ್ಪ ಮುಳ್ಳಾಗಿ ನಿಲ್ಲುತ್ತದೆ, ಮಧ್ಯೆ ಬುರುಡೆ ಕಾಣುತ್ತದೆ. `Guide Distance` ಎಷ್ಟು ಬದಲಿಸಿದರೂ ಒಂದಿಂಚೂ ಅಲುಗಾಡುವುದಿಲ್ಲ. ಕ್ಲಂಪ್ `Factor` ಕಡಿಮೆ ಮಾಡಿದರೆ ಮುಳ್ಳು ಹೋಗಿ ಹಾಸುಗಲ್ಲಿನ ಪಾಚಿ ಥರ ಆಗುತ್ತದೆ. ಇದರ ಮಧ್ಯೆ ಏನೂ ಇಲ್ವಾ?

ಗಾಂಧಿಬಜಾರ್ ಗೇಮರ್
ಸಿಂಪಲ್ ಬ್ರೋ, ಕೂದಲು ಸಾಲದು. ಡೆನ್ಸಿಟಿ ಡಬಲ್ ಮಾಡು, ಆಗದಿದ್ದರೆ ಐದು ಪಟ್ಟು ಮಾಡು. ಬುರುಡೆ ಮುಚ್ಚಿಹೋಗುತ್ತೆ. ಶೇಡರ್‌ನಲ್ಲಿ ಬಣ್ಣ ಪೂರ್ತಿ ಕಪ್ಪು ಕೊಡು, ಮುಳ್ಳು ಯಾರಿಗೂ ಕಾಣಲ್ಲ. ನಾನು ಗೇಮ್ ಕ್ಯಾರೆಕ್ಟರ್‌ಗೆ ಹೀಗೇ ಮಾಡೋದು.

ಕಟಿಂಗ್ ಸಾಗರ
ಮಾರಾಯ್ರೇ, ಎರಡು ಸೆಂಟಿಮೀಟರ್ ಬಿಟ್ಟರೆ ಮಕ್ಕಳ ಕೂದಲು ಎದ್ದೇ ನಿಲ್ಲುವುದು, ಅದಕ್ಕೆ ಯಾವ ಜೆಲ್ ಹಾಕಿದರೂ ಪ್ರಯೋಜನ ಇಲ್ಲ. ಒಂದೂವರೆಗೆ ಇಳಿಸಿ, ಇಲ್ಲ ಅಂದರೆ ನಾಲ್ಕು ಸೆಂಟಿಮೀಟರ್ ಬೆಳೆಯಲು ಬಿಡಿ, ಭಾರಕ್ಕೆ ತಾನೇ ಮಲಗುತ್ತದೆ. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಬಾಚಿ ಮಲಗಿಸಿ. ಅಪ್ಪನ ಕಟಿಂಗ್ ಶಾಪಲ್ಲಿ ಇಪ್ಪತ್ತು ವರ್ಷದಿಂದ ಇದನ್ನೇ ನೋಡುತ್ತಿದ್ದೇನೆ.

ತುಂಗೆದಂಡೆ
ಸಾಗರದ ಅಣ್ಣ, ಇದು ನಿಜವಾದ ಹುಡುಗ ಅಲ್ಲ, ಕಂಪ್ಯೂಟರಲ್ಲಿ ಮಾಡಿದ ಬೊಂಬೆ 😀 ಆದರೂ ಇಲ್ಲೇ ಇರಿ, ಹೋಗಬೇಡಿ. ಕಟಿಂಗ್ ಬಗ್ಗೆ ಕೇಳುವುದಿದೆ.

ಗೇಮರ್, ಡೆನ್ಸಿಟಿ ಡಬಲ್ ಮಾಡಿ ನೋಡಿದೆ. ಮುಳ್ಳು ಇನ್ನೂ ದಪ್ಪ ಆಯಿತು. ಲ್ಯಾಪ್‌ಟಾಪ್ ಫ್ಯಾನ್ ಭತ್ತದ ಮಿಲ್ ಥರ ಕೂಗುತ್ತಿದೆ.

ಶರಾವತಿ ಅಕ್ಕ
ಡೆನ್ಸಿಟಿ ಮುಟ್ಟಬೇಡಿ. ಗುಂಪಿನ ಅಗಲಕ್ಕೂ ಕೂದಲಿನ ಉದ್ದಕ್ಕೂ ಇರುವ ಲೆಕ್ಕ ನಿಮ್ಮಲ್ಲಿ ತಪ್ಪಿದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಕ್ಲಂಪ್ ಅಂದರೆ ಸುತ್ತಲಿನ ಕೂದಲುಗಳ ತುದಿಯನ್ನು ಒಂದು ಯಜಮಾನ ಕೂದಲಿನ ಕಡೆ ಎಳೆಯುವುದು. ಜಡೆಯ ಹುಡುಗಿಗೆ ಎರಡು ಸೆಂಟಿಮೀಟರ್ ಅಗಲದ ಗುಂಪು ಕೊಟ್ಟಿದ್ದೀರಿ ಅಂತ ಇಟ್ಟುಕೊಳ್ಳಿ. ಕೂದಲು ನಲವತ್ತು ಸೆಂಟಿಮೀಟರ್ ಇದೆ. ಅಂಚಿನ ಕೂದಲು ಒಂದು ಸೆಂಟಿಮೀಟರ್ ಪಕ್ಕಕ್ಕೆ ವಾಲಬೇಕು, ಅದಕ್ಕೆ ನಲವತ್ತು ಸೆಂಟಿಮೀಟರ್ ಉದ್ದಕ್ಕೂ ಜಾಗ ಇದೆ. ಅದು ವಾಲಿದ್ದು ಕಣ್ಣಿಗೆ ಬೀಳುವುದೇ ಇಲ್ಲ. ಈ ಹುಡುಗನಿಗೆ ಅದೇ ಅಗಲ ಕೊಟ್ಟರೆ ಅಂಚಿನ ಕೂದಲು ಎರಡು ಸೆಂಟಿಮೀಟರ್ ಉದ್ದದಲ್ಲೇ ಒಂದು ಸೆಂಟಿಮೀಟರ್ ವಾಲಬೇಕು. ಬುಡದ ಅಗಲ ಎರಡು, ಎತ್ತರ ಎರಡು. ಅದು ಶಂಕುವೇ ಆಯಿತಲ್ಲ. ಸಾಲಾಗಿ ಶಂಕು ನಿಲ್ಲಿಸಿದರೆ ಮುಳ್ಳುಹಂದಿ. ಡೆನ್ಸಿಟಿ ಹೆಚ್ಚಿಸಿದರೆ ಅದೇ ಶಂಕುವಿನೊಳಗೆ ಇನ್ನಷ್ಟು ಕೂದಲು ತುಂಬುತ್ತದೆ, ಅಷ್ಟೇ.

ನಾನು ಇಟ್ಟುಕೊಂಡಿರುವ ಲೆಕ್ಕ ಇದು. ಗುಂಪಿನ ಅಗಲ ಕೂದಲಿನ ಉದ್ದದ ಐದನೇ ಒಂದು ಭಾಗದಷ್ಟಿರಲಿ. ಎರಡು ಸೆಂಟಿಮೀಟರ್ ಕೂದಲಿಗೆ 4 ಮಿಲಿಮೀಟರ್. ಇದು ಎಲ್ಲೂ ಬರೆದಿಟ್ಟ ನಿಯಮ ಅಲ್ಲ, ಮಾಡಿ ಮಾಡಿ ಕೈಗೆ ಬಂದದ್ದು.

ಇನ್ನು `Guide Distance` ಯಾಕೆ ಅಲುಗಾಡುವುದಿಲ್ಲ? `Interpolate Hair Curves` ಪ್ರತಿ ಕೂದಲಿಗೂ ನೀನು ಯಾವ ಗೈಡ್‌ಗೆ ಸೇರಿದವನು ಅಂತ ಒಂದು ಗುರುತು ಬರೆದಿಡುತ್ತದೆ. ಕ್ಲಂಪ್‌ನಲ್ಲಿ `Existing Guide Map` ಅಂತ ಒಂದು ಟಿಕ್ ಇದೆ. ಅದು ಇದ್ದರೆ ಕ್ಲಂಪ್ ಆ ಹಳೇ ಗುರುತನ್ನೇ ನಂಬುತ್ತದೆ, ನೀವು ಕೊಟ್ಟ ದೂರವನ್ನು ಕೇಳುವುದೇ ಇಲ್ಲ. ನೀವು ಕೈಯಲ್ಲಿ ನೆಟ್ಟ 120 ಗೈಡ್‌ಗಳೇ 120 ಮುಳ್ಳು. ಬೇಕಾದರೆ ಎಣಿಸಿ ನೋಡಿ. ಆ ಟಿಕ್ ತೆಗೆಯಿರಿ, ಆಮೇಲೆ `Guide Distance` ಕೊಡಿ.

ಅದಕ್ಕೂ ಮೊದಲು ಒಂದು ಕೆಲಸ ಇದೆ. ತಲೆಯ ಸ್ಕೇಲ್ ಎಷ್ಟಿದೆ ಹೇಳಿ. ಹೇರ್ ಆಬ್ಜೆಕ್ಟ್ ಆಯ್ಕೆ ಮಾಡಿಕೊಂಡು ಇದನ್ನು ಓಡಿಸಿ.

```
import bpy
h = bpy.context.object
s = h.data.surface
print(h.scale[:], s.scale[:])
print(h.data.surface_uv_map)
```

ತುಂಗೆದಂಡೆ
ಅಕ್ಕ, ಎಣಿಸಿದೆ. ಹಣೆಯಿಂದ ನೆತ್ತಿವರೆಗೆ ಮುಳ್ಳು ಬಂದಲ್ಲೆಲ್ಲ ಒಂದೊಂದು ಗೈಡ್ ಇದೆ. ಅಷ್ಟೂ ಸರಿ!

ತಲೆಯ ಸ್ಕೇಲ್ 0.1 ಅಂತ ಬಂತು, ಮೂರೂ ದಿಕ್ಕಿಗೆ. ಹುಡುಗನನ್ನು ಮೊದಲು ಹದಿಮೂರು ಮೀಟರ್ ಎತ್ತರ ಮಾಡಿಬಿಟ್ಟಿದ್ದೆ, ಆಮೇಲೆ ಇಳಿಸಿದ್ದು. ಅದಕ್ಕೆ ಇರಬೇಕು.

ಶರಾವತಿ ಅಕ್ಕ
ಅಂದರೆ ನೀವು ಬರೆದ ಸಂಖ್ಯೆಗಳೆಲ್ಲ ಹತ್ತು ಪಟ್ಟಿನ ಲೋಕದಲ್ಲಿವೆ. ತಲೆ, ಕೂದಲು ಎರಡನ್ನೂ ಆಯ್ಕೆ ಮಾಡಿ Ctrl+A, ಸ್ಕೇಲ್ ಅಪ್ಲೈ ಮಾಡಿ. ರಿಗ್ ಕಟ್ಟುವ ಮೊದಲೇ ಮಾಡಿಬಿಡಿ. ಮೊದಲು ಫೈಲಿನ ಒಂದು ನಕಲು ಇಟ್ಟುಕೊಳ್ಳಿ.

ಗಾಂಧಿಬಜಾರ್ ಗೇಮರ್
ಅಕ್ಕ, ಕೂದಲು ನೋಡೋಕೆ ಸರಿ ಇದ್ದರೆ ಸ್ಕೇಲ್ ಯಾಕೆ ಬೇಕು? ಸುಮ್ನೆ ಕೆಲಸ ಜಾಸ್ತಿ.

ತುಂಗೆದಂಡೆ
ಗೇಮರ್ ಮಾತು ಕೇಳಬೇಕಿತ್ತು ಅನಿಸುತ್ತಿದೆ.

ಸ್ಕೇಲ್ ಅಪ್ಲೈ ಮಾಡಿದೆ. ತಲೆ ಬೋಳಾಯಿತು. ಬೋಳು ಅಂದರೆ ಪೂರ್ತಿ ಬೋಳಲ್ಲ, ಅಲ್ಲೊಂದು ಇಲ್ಲೊಂದು ತೆಂಗಿನ ನಾರಿನಂಥ ದಪ್ಪ ಕೂದಲು. ಟಿಕ್ ತೆಗೆದದ್ದೇ ತಡ, ಇದ್ದಬದ್ದ ನಾರೆಲ್ಲ ನೆತ್ತಿಯ ಮೇಲೆ ಒಂದು ಕಡೆ ಸೇರಿ ಜುಟ್ಟಾಯಿತು. ಥೇಟ್ ಸುಲಿದ ಪೂಜೆ ತೆಂಗಿನಕಾಯಿ. ತಂಗಿ ನೋಡಿ ಬಿದ್ದು ಬಿದ್ದು ನಗುತ್ತಿದ್ದಾಳೆ.

ಶರಾವತಿ ಅಕ್ಕ
ನಕ್ಕಿದ್ದು ಸಾಕು ಅಂತ ಹೇಳಿ ಅವಳಿಗೆ. ಎಂತದೂ ಹಾಳಾಗಿಲ್ಲ, ಲೆಕ್ಕ ಸರಿಯಾಗಿಯೇ ಬರುತ್ತಿದೆ. ನಿಮ್ಮ ಹಳೇ ಸಂಖ್ಯೆಗಳನ್ನು ಹಾಕಿ, ಡೆನ್ಸಿಟಿ, ರೇಡಿಯಸ್, ಗೈಡ್ ಡಿಸ್ಟನ್ಸ್ ಮೂರೂ.

ತುಂಗೆದಂಡೆ
ಡೆನ್ಸಿಟಿ 20,000. ರೇಡಿಯಸ್ 0.0004. ಗೈಡ್ ಡಿಸ್ಟನ್ಸ್ ಕೊನೆಗೆ 0.2ಕ್ಕೆ ಬಿಟ್ಟಿದ್ದೆ.

ಶರಾವತಿ ಅಕ್ಕ
ನೋಡಿ ಈಗ. ಈ ಹುಡುಗನ ತಲೆಯಲ್ಲಿ ಕೂದಲು ಬರುವ ಜಾಗ ಸುಮಾರು 500 ಚದರ ಸೆಂಟಿಮೀಟರ್, ಅಂದರೆ 0.05 ಚದರ ಮೀಟರ್ ಅಂತ ಹಿಡಿಯೋಣ. ಸ್ಕೇಲ್ 0.1 ಇದ್ದಾಗ ಬ್ಲೆಂಡರ್ ಒಳಗಡೆ ಆ ತಲೆಯನ್ನು ಹತ್ತು ಪಟ್ಟು ದೊಡ್ಡದು ಅಂತ ನೋಡುತ್ತಿತ್ತು. ಉದ್ದ ಹತ್ತು ಪಟ್ಟಾದರೆ ವಿಸ್ತೀರ್ಣ ನೂರು ಪಟ್ಟು, 5 ಚದರ ಮೀಟರ್. 20,000 ಡೆನ್ಸಿಟಿಗೆ ಒಂದು ಲಕ್ಷ ಕೂದಲು ಬರುತ್ತಿತ್ತು. ಮನುಷ್ಯನ ತಲೆಯಲ್ಲಿ ಇರುವುದೂ ಹತ್ತಿರಹತ್ತಿರ ಅಷ್ಟೇ, ಅದಕ್ಕೇ ಸರಿಯಾಗಿ ಕಾಣುತ್ತಿತ್ತು. ಈಗ 0.05ಕ್ಕೆ 20,000 ಅಂದರೆ ಒಂದು ಸಾವಿರ ಕೂದಲು. ಬೋಳು ಆಗದೆ ಇನ್ನೇನಾಗುತ್ತದೆ? ಡೆನ್ಸಿಟಿಗೆ 20,00,000 ಬರೆಯಿರಿ. ಹೆದರಬೇಡಿ, ಕೂದಲು ಮತ್ತೆ ಅದೇ ಒಂದು ಲಕ್ಷ.

ರೇಡಿಯಸ್ 0.0004 ಅಂದರೆ ಈಗ 0.4 ಮಿಲಿಮೀಟರ್, ದಪ್ಪ 0.8 ಮಿಲಿಮೀಟರ್. ಅದು ನಾರೇ. ಕೂದಲಿನ ದಪ್ಪ 0.05ರಿಂದ 0.1 ಮಿಲಿಮೀಟರ್ ಒಳಗೆ ಇರುತ್ತದೆ. ರೇಡಿಯಸ್ 0.00004 ಕೊಡಿ, ದಪ್ಪ 0.08 ಆಗುತ್ತದೆ. ಗೈಡ್ ಡಿಸ್ಟನ್ಸ್ 0.2 ಅಂದರೆ ಇಪ್ಪತ್ತು ಸೆಂಟಿಮೀಟರ್, ಇಡೀ ತಲೆಗೆ ಒಂದೇ ಗುಂಪು, ಅದೇ ನಿಮ್ಮ ಜುಟ್ಟು. ಅಲ್ಲಿ 0.004 ಬರೆಯಿರಿ.

ಗೇಮರ್ ಕೇಳಿದ್ದಕ್ಕೂ ಇದೇ ಉತ್ತರ. ಸ್ಕೇಲ್ ತಪ್ಪಿದ್ದರೂ ಚಿತ್ರ ಸರಿ ಬರಬಹುದು. ಆದರೆ 4 ಮಿಲಿಮೀಟರ್ ಬೇಕು ಅಂತ ಅನಿಸಿದಾಗ 0.004 ಬರೆಯಲು ಆಗುವುದಿಲ್ಲ, ಪ್ರತಿ ಸಲ ಗುಣಾಕಾರ ಭಾಗಾಕಾರ ಮಾಡುತ್ತ ಕೂರಬೇಕು. ಡೆನ್ಸಿಟಿಯನ್ನು ನೂರರಿಂದ ಭಾಗಿಸಬೇಕು, ಉಳಿದದ್ದನ್ನು ಹತ್ತರಿಂದ ಗುಣಿಸಬೇಕು. ರಾತ್ರಿ ಹನ್ನೆರಡಕ್ಕೆ ಅದು ಯಾರಿಗೆ ನೆನಪಿರುತ್ತದೆ?

ಗಿಡ್ಡದ ಕರು
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಹೊಸನಗರ ಕಡೆಯವನು. ನಾನು ಮಲೆನಾಡು ಗಿಡ್ಡ ತಳಿಯ ಕರು ಮಾಡುತ್ತಿದ್ದೇನೆ. ಮೈಮೇಲೆ ಒಂದು ಸೆಂಟಿಮೀಟರ್ ಕೂದಲು. ಅಕ್ಕನ ಲೆಕ್ಕ ಹಿಡಿದು 2 ಮಿಲಿಮೀಟರ್ ಗುಂಪು ಕೊಟ್ಟೆ. ಕರು ಒದ್ದೆ ಟವಲ್ ಥರ ಆಯಿತು. ಎಂತ ಮಾಡುವುದು?

ಶರಾವತಿ ಅಕ್ಕ
ನಿಮ್ಮ ಕರುವಿಗೆ ಕ್ಲಂಪ್ ಬೇಕೇ ಇಲ್ಲ. ದನದ ಮೈಕೂದಲು ಚರ್ಮಕ್ಕೆ ಅಂಟಿದ ಹಾಗೆ ಮಲಗಿರುತ್ತದೆ, ಒಣಗಿದ್ದಾಗ ಗುಂಪು ಕಟ್ಟುವುದು ಕಡಿಮೆ. ಕೊಟ್ಟಿಗೆಗೆ ಹೋಗಿ ಒಮ್ಮೆ ಹತ್ತಿರದಿಂದ ನೋಡಿ. ನೀವು ಗೈಡ್‌ಗಳನ್ನು ಇನ್ನೂ ಮಲಗಿಸಬೇಕು. ಬುಡ ಎದ್ದು ನಿಂತು ತುದಿ ಮಾತ್ರ ಬಾಗಿದ್ದರೆ ಕರು ಬ್ರಶ್ ಆಗುತ್ತದೆ. ಕತ್ತಿನ ಕೆಳಗೆ, ಬಾಲದ ತುದಿಯಲ್ಲಿ ಮಾತ್ರ ಸ್ವಲ್ಪ ಗುಂಪು ಕೊಡಿ.

ಹುಡುಗನಿಗೂ ಇದೇ ಮಾತು ಅನ್ವಯಿಸುತ್ತದೆ. ಪಕ್ಕದ ಮಿಷನ್ ಹೊಡೆದ ಜಾಗಕ್ಕೆ ಕ್ಲಂಪ್ ಬೇಡ. ಅಷ್ಟು ಗಿಡ್ಡ ಕೂದಲು ಗುಂಪು ಹೇಗೆ ಕಟ್ಟುತ್ತದೆ? ಉದ್ದಕ್ಕೆ ತಕ್ಕಂತೆ ಕ್ಲಂಪ್ ತಾನೇ ಕಡಿಮೆ ಆಗಬೇಕು. ಜಿಯೋಮೆಟ್ರಿ ನೋಡ್ಸ್‌ನಲ್ಲಿ `Spline Length` ತೆಗೆದುಕೊಂಡು `Map Range` ಮೂಲಕ ಕ್ಲಂಪ್‌ನ `Factor`ಗೆ ಜೋಡಿಸಿ. 0.006ರಿಂದ 0.02ರವರೆಗಿನ ಉದ್ದವನ್ನು 0ರಿಂದ 0.5ಕ್ಕೆ ತಿರುಗಿಸಿ. ಆರು ಮಿಲಿಮೀಟರ್ ಕೂದಲಿಗೆ ಏನೂ ಇಲ್ಲ, ಎರಡು ಸೆಂಟಿಮೀಟರ್ ಕೂದಲಿಗೆ ಅರ್ಧ. ಅರ್ಧಕ್ಕಿಂತ ಜಾಸ್ತಿ ಬೇಡ.

ಕಟಿಂಗ್ ಸಾಗರ
ಬೊಂಬೆ ಅಂತ ಈಗ ಗೊತ್ತಾಯಿತು. ನನ್ನ ಮಾನ ಹೋಯಿತು, ಇರಲಿ. ಪಕ್ಕದ ಅಳತೆ ನಾನು ಹೇಳುತ್ತೇನೆ. ನಮ್ಮಲ್ಲಿ ಮಿಷನ್‌ಗೆ ಬಾಚಣಿಗೆ ಹಾಕುತ್ತೇವಲ್ಲ, ಒಂದು ನಂಬರ್ ಅಂದರೆ 3 ಮಿಲಿಮೀಟರ್, ಎರಡು ಅಂದರೆ 6, ಮೂರು ಅಂದರೆ ಹತ್ತು ಹತ್ತಿರ. ಶಾಲೆ ಮಕ್ಕಳಿಗೆ ಕಿವಿ ಸುತ್ತ ಒಂದು, ಅದರ ಮೇಲೆ ಎರಡು, ಕತ್ತರಿ ಸೇರುವ ಕಡೆ ಮೂರು. ಮಿಷನ್ ಹೋದ ಜಾಗದಲ್ಲಿ ಎಲ್ಲ ಒಂದೇ ಎತ್ತರ. ಮೇಲೆ ಕತ್ತರಿ ಹಿಡಿದ ಜಾಗದಲ್ಲಿ ಒಂದು ಕೂದಲು ಎರಡು ಮಿಲಿಮೀಟರ್ ಹೆಚ್ಚು, ಒಂದು ಕಡಿಮೆ. ಮಕ್ಕಳು ಸುಮ್ಮನೆ ಕೂರುವುದೂ ಇಲ್ಲ.

ಇನ್ನೊಂದು. ಚಿತ್ರದಲ್ಲಿ ಕೂದಲ ತುದಿ ಸೂಜಿ ಥರ ಚೂಪಾಗಿದೆ. ಕತ್ತರಿಸಿದ ಕೂದಲಿಗೆ ತುದಿ ಮೊಂಡು ಇರುತ್ತದೆ, ಮುಟ್ಟಿದರೆ ಕೈಗೆ ಚುಚ್ಚುತ್ತದೆ. ಹುಟ್ಟುಗೂದಲು ಮಾತ್ರ ಚೂಪು, ಅದು ಮೆತ್ತಗೆ.

ಶರಾವತಿ ಅಕ್ಕ
ಈ ಸೂಜಿ ತುದಿ ನನಗೆ ಹೊಳೆದೇ ಇರಲಿಲ್ಲ ಸಾಗರದವರೇ. ತುಂಗೆದಂಡೆ, `Set Hair Curve Profile`ನಲ್ಲಿ `Factor Min` ಸೊನ್ನೆ ಹತ್ತಿರ ಇರಬೇಕು ನಿಮ್ಮದು. 0.7ಕ್ಕೆ ಏರಿಸಿ. ಮೇಲಿನ ಏರುಪೇರಿಗೆ `Trim Hair Curves`ನಲ್ಲಿ `Random Offset` 0.002 ಸಾಕು, ಅದು ಪಕ್ಕದ ಮಿಷನ್ ಜಾಗಕ್ಕೆ ತಾಗದ ಹಾಗೆ ನೋಡಿಕೊಳ್ಳಿ. ಪಕ್ಕದ ಉದ್ದ ಇಳಿಸಲು ನೋಡ್ ಏನೂ ಬೇಡ, ಸ್ಕಲ್ಪ್ಟ್ ಮೋಡ್‌ನ `Grow / Shrink` ಹಿಡಿದು ಗೈಡ್‌ಗಳನ್ನೇ 3, 6, 10 ಅಂತ ಗಿಡ್ಡ ಮಾಡಿ. ನಡುವಿನದನ್ನು ಇಂಟರ್ಪೊಲೇಟ್ ತಾನೇ ತುಂಬುತ್ತದೆ.

ಹಳೇ ಪಾರ್ಟಿಕಲ್
ಇಷ್ಟೆಲ್ಲ ಯಾಕೆ? ಹಳೇ ಪಾರ್ಟಿಕಲ್ ಹೇರ್‌ನಲ್ಲಿ ಚಿಲ್ಡ್ರನ್ ಹಾಕಿ, ಕ್ಲಂಪ್ ಸ್ಲೈಡರ್ ಎಳೆದರೆ ಮುಗಿಯಿತು. 3.5 ಬಂದಮೇಲೆ ಎಲ್ಲದಕ್ಕೂ ನೋಡ್. 2023ರಿಂದ ಇದೇ ಗೋಳು.

ಶರಾವತಿ ಅಕ್ಕ
ಪಾರ್ಟಿಕಲ್‌ನಲ್ಲೂ ಗುಂಪಿನ ಅಗಲ ಪೇರೆಂಟ್ ಕೂದಲುಗಳ ನಡುವಿನ ದೂರಕ್ಕೇ ಕಟ್ಟಿಬಿದ್ದಿತ್ತು ಅಲ್ವಾ. ಅದೇ ಮುಳ್ಳು ಅಲ್ಲೂ ಬರುತ್ತಿತ್ತು, ನಾವು ಪೇರೆಂಟ್ ಜಾಸ್ತಿ ಮಾಡಿ ಮುಚ್ಚಿಹಾಕುತ್ತಿದ್ದೆವು.

ಹಳೇ ಪಾರ್ಟಿಕಲ್
ಮುಚ್ಚಿಹಾಕಿದರೂ ಕೆಲಸ ಆಗುತ್ತಿತ್ತು ಅನ್ನುವುದೇ ನನ್ನ ವಾದ.

ತುಂಗೆದಂಡೆ
ಎರಡು ದಿನ ಕರೆಂಟ್ ಇರಲಿಲ್ಲ, ಗಾಳಿಗೆ ಮರ ಬಿದ್ದಿತ್ತು. ಇವತ್ತು ಕೂತೆ. ಮುಳ್ಳುಹಂದಿ ಹೋಯಿತು! ಮೇಲೆ ಸಣ್ಣ ಸಣ್ಣ ಗುಂಪು ಬಂದಿದೆ, ಪಕ್ಕದಲ್ಲಿ ಮಖಮಲ್ಲು. ಹುಡುಗ ಈಗ ನಮ್ಮೂರ ಹುಡುಗನೇ.

ಈಗ ಸುಳಿಯ ತೊಂದರೆ. ನೆತ್ತಿಯ ಹಿಂದೆ ಬಾಚಿ ಬಾಚಿ ಸುಳಿ ಮಾಡಿದೆ. ಒಂದು, ಸುಳಿ ಎರಡಾಗಿ ಬಂತು. ಎರಡು, ಎರಡೂ ಸುಳಿಯ ನಡುಮಧ್ಯೆ ಐದು ರೂಪಾಯಿ ನಾಣ್ಯದಷ್ಟು ಬೋಳು. ಡೆನ್ಸಿಟಿ ಅಲ್ಲೂ ಅಷ್ಟೇ ಇದೆ, ಮಾಸ್ಕ್ ಏನೂ ಹಾಕಿಲ್ಲ.

ಕಟಿಂಗ್ ಸಾಗರ
ಎರಡು ಸುಳಿ ಇದ್ದರೆ ಎರಡು ಮದುವೆ ಅಂತಾರೆ. ಹುಡುಗನಿಗೆ ಒಂಬತ್ತೇ ವರ್ಷ, ಅರ್ಜೆಂಟ್ ಏನಿಲ್ಲ. ಹೆಚ್ಚಿನವರಿಗೆ ಒಂದೇ ಸುಳಿ ಇರುವುದು, ನಡುಗೆರೆಯಿಂದ ಸ್ವಲ್ಪ ಪಕ್ಕಕ್ಕೆ, ಗಡಿಯಾರದ ಮುಳ್ಳು ತಿರುಗುವ ಕಡೆ ಸುತ್ತುತ್ತದೆ. ಉಲ್ಟಾ ಸುತ್ತುವವರು ಕಡಿಮೆ. ಸುಳಿಯಿಂದ ಹೊರಟ ಕೂದಲೇ ಹಣೆವರೆಗೆ ಬರುವುದು, ಹಾಗಾಗಿ ಮೊದಲು ಸುಳಿ ಎಲ್ಲಿದೆ ನೋಡಿಯೇ ಅಪ್ಪ ಕತ್ತರಿ ಎತ್ತುವುದು.

ಶರಾವತಿ ಅಕ್ಕ
ಎರಡು ಮದುವೆಗೆ ಕಾರಣ ಸಿಮೆಟ್ರಿ. ಸ್ಕಲ್ಪ್ಟ್ ಮೋಡ್‌ನಲ್ಲಿ X ಸಿಮೆಟ್ರಿ ಆನ್ ಇದೆ, ಆಫ್ ಮಾಡಿ. ಸುಳಿಗೆ ಎಡಬಲ ಒಂದೇ ಅಂತ ಇಲ್ಲ. ಸಾಗರದವರು ಹೇಳಿದ ಕ್ರಮವನ್ನೇ ಹಿಡಿಯಿರಿ, ಮೊದಲು ಸುಳಿ, ಅಲ್ಲಿಂದ ಹೊರಕ್ಕೆ ಬಾಚುತ್ತ ಹಣೆಗೆ ಬನ್ನಿ. ಹಣೆಯಿಂದ ಶುರು ಮಾಡಿದರೆ ಕೊನೆಗೆ ಎಲ್ಲ ಹಿಂದೆ ಬಂದು ಗುದ್ದಾಡುತ್ತದೆ.

ಬೋಳಿನ ವಿಷಯ ಸ್ವಲ್ಪ ಮಜವಾಗಿದೆ. ಅಲ್ಲಿ ಕೂದಲು ಇದೆ, ಆದರೆ ಮೊಟಕಾಗಿದೆ. ಹೊಸ ಕೂದಲು ಹುಟ್ಟುವುದು ಹತ್ತಿರದ ನಾಲ್ಕು ಗೈಡ್‌ಗಳ ಸರಾಸರಿಯಿಂದ. ಸುಳಿಯ ನಡುವೆ ಒಂದು ಗೈಡ್ ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ, ಒಂದು ಉತ್ತರಕ್ಕೆ, ಒಂದು ದಕ್ಷಿಣಕ್ಕೆ ಮಲಗಿದೆ. ನಾಲ್ಕರ ಸರಾಸರಿ ಎಂತ? ಎಲ್ಲೂ ಇಲ್ಲ. ಹಾಗಾಗಿ ನಡುವಿನ ಕೂದಲು ಬುಡದಲ್ಲೇ ಮುದುಡಿ ಕೂರುತ್ತದೆ. ಹತ್ತಿರ ಹೋಗಿ ನೋಡಿ, ಚಿಕ್ಕ ಚಿಕ್ಕ ಮೊಳಕೆ ಕಾಣಿಸುತ್ತವೆ. ಮೊಳಕೆ ಇದ್ದರೆ ಇದೇ ಕಾರಣ. ಏನೂ ಇಲ್ಲದಿದ್ದರೆ ಮಾತ್ರ ಮಾಸ್ಕ್ ಅಥವಾ ಯುವಿ ನೋಡಬೇಕು.

ಮಾಡಬೇಕಾದ್ದು ಇಷ್ಟು. ಸುಳಿಯ ಸುತ್ತ ಮೂರು ಸೆಂಟಿಮೀಟರ್ ವೃತ್ತದಲ್ಲಿ ಗೈಡ್‌ಗಳನ್ನು ಒತ್ತಾಗಿ ನೆಡಿ, 5 ಮಿಲಿಮೀಟರಿಗೊಂದು. ಹೆಚ್ಚುಕಡಿಮೆ 30 ಗೈಡ್ ಆಗುತ್ತದೆ. ನಡುವಿನ ನಾಲ್ಕೈದನ್ನು ಪೂರ್ತಿ ಮಲಗಿಸಬೇಡಿ, ಅರ್ಧ ಎದ್ದು ತಿರುಗಿರಲಿ. ಎದ್ದ ಕೂದಲುಗಳ ಸರಾಸರಿ ಎದ್ದೇ ಇರುತ್ತದೆ, ಸೊನ್ನೆ ಆಗುವುದಿಲ್ಲ. ನಿಜವಾದ ಸುಳಿಯಲ್ಲೂ ಅಲ್ಲಿ ಕೂದಲು ಎದ್ದೇ ಇರುತ್ತದೆ ನೋಡಿ. ಇಷ್ಟಾದರೂ ಉಳಿದರೆ `Interpolation Guides` ನಾಲ್ಕರಿಂದ ಎರಡಕ್ಕೆ ಇಳಿಸಬಹುದು, ಆದರೆ ಅದು ಇಡೀ ತಲೆಗೆ ತಾಗುತ್ತದೆ. ಬೇರೆ ಕಡೆ ಗೈಡ್‌ನಿಂದ ಗೈಡ್‌ಗೆ ಗೆರೆ ಎದ್ದು ಕಾಣಲು ಶುರುವಾಗಬಹುದು. ಬೈತಲೆ ತೆಗೆದ ತಲೆಗೂ ಇದೇ ಕಾಟ ಇದೆ.

ತುಂಗೆದಂಡೆ
ಮೊಳಕೆ ಇತ್ತು ಅಕ್ಕ!! ನಡುವಿನ ಗೈಡ್‌ಗಳನ್ನು ಎಬ್ಬಿಸಿದೆ, ಮುಚ್ಚಿಕೊಂಡಿತು. ಒಂದು ಅನುಮಾನ. ವ್ಯೂಪೋರ್ಟ್‌ನಲ್ಲಿ ಕಂಡ ಗುಂಪು ರೆಂಡರ್‌ನಲ್ಲಿ ಬೇರೆ ಜಾಗದಲ್ಲಿ ಬರುತ್ತದೆ. ಹಣೆಯ ಮೇಲೆ ಒಂದು ಚೆಂದದ ಗುಂಪು ಬಂದಿತ್ತು, ರೆಂಡರ್ ಮಾಡಿದರೆ ಅದೇ ಮಾಯ.

ಶರಾವತಿ ಅಕ್ಕ
`Viewport Amount` ಕಡಿಮೆ ಇಟ್ಟಿದ್ದೀರಿ. ಟಿಕ್ ತೆಗೆದ ಮೇಲೆ ಯಜಮಾನ ಕೂದಲನ್ನು ಇರುವ ಕೂದಲುಗಳಲ್ಲೇ ಆರಿಸುತ್ತದೆ. ಹತ್ತು ಸಾವಿರದಲ್ಲಿ ಆರಿಸಿದ್ದು ಬೇರೆ, ಲಕ್ಷದಲ್ಲಿ ಆರಿಸಿದ್ದು ಬೇರೆ. ಗುಂಪು ನೋಡುವಾಗ ಮಾತ್ರ ಅದನ್ನು 1 ಮಾಡಿ, ಆಮೇಲೆ ಇಳಿಸಿ. ಹಣೆಯ ಆ ಗುಂಪು ಬೇಕೇ ಬೇಕು ಅಂದರೆ ಅದನ್ನು ಗೈಡ್‌ನಲ್ಲೇ ಬಾಚಿ ಮಾಡಬೇಕು, ಅದೃಷ್ಟಕ್ಕೆ ಬಿಡಬೇಡಿ.

ಗಾಂಧಿಬಜಾರ್ ಗೇಮರ್
ಕ್ಲಂಪ್ ವಿಷಯದಲ್ಲಿ ಸೋತೆ, ಒಪ್ಪಿಕೊಂಡೆ. ಶೇಡರ್ ನಾನು ಹೇಳಿದ್ದೇ ಸರಿ ಅಲ್ವಾ? `Principled Hair BSDF`, ಬಣ್ಣ ಕಪ್ಪು, ಮುಗೀತು.

ಶರಾವತಿ ಅಕ್ಕ
ನೋಡ್ ಸರಿ, ಬಣ್ಣ ತಪ್ಪು. `Direct Coloring`ನಲ್ಲಿ ಸೊನ್ನೆ ಕಪ್ಪು ಕೊಟ್ಟರೆ ಕೂದಲಿನ ಒಳಗೆ ಹೋದ ಬೆಳಕು ಹೊರಗೆ ಬರುವುದೇ ಇಲ್ಲ. ಮೇಲ್ಮೈಯ ಬಿಳಿ ಹೊಳಪೊಂದೇ ಉಳಿಯುತ್ತದೆ, ನಾಟಕದ ಟೋಪನ್ ಹಾಗೆ. ನಮ್ಮ ಕಪ್ಪು ಕೂದಲನ್ನು ಬಿಸಿಲಿಗೆ ಅಡ್ಡ ಹಿಡಿದು ನೋಡಿ, ಅಂಚಿನಲ್ಲಿ ಕಂದು ಕಾಣುತ್ತದೆ. `Melanin Concentration` ಆಯ್ಕೆ ಮಾಡಿ. ಅದರಲ್ಲಿ 1 ಅಂದರೆ ಕಪ್ಪು, 0.75 ಹತ್ತಿರ ಕಂದು. ಈ ಹುಡುಗನಿಗೆ ನಾನಾದರೆ 0.92 ಕೊಡುತ್ತೇನೆ, `Random Color` 0.1. ಮೆಲಾನಿನ್ ಜಾಸ್ತಿ ಇರುವುದರಿಂದ ಬೆಳಕು ಬೇಗ ಸಾಯುತ್ತದೆ, ಬೌನ್ಸ್ ಹೆಚ್ಚಿಸುವ ಕೆಲಸ ಇಲ್ಲ. ಬೆಳ್ಳಿಕೂದಲ ಅಜ್ಜಿ ಮಾಡಿದಾಗ ಮಾತ್ರ ಟ್ರಾನ್ಸ್‌ಮಿಶನ್ ಬೌನ್ಸ್ ಏರಿಸದಿದ್ದರೆ ತಲೆ ಕೊಳಕಾಗಿ ಕಾಣುತ್ತದೆ.

ಶಾಲೆಗೆ ಹೊರಟ ಹುಡುಗ ಅಂದರೆ ಅಮ್ಮ ಕೊಬ್ಬರಿ ಎಣ್ಣೆ ಹಚ್ಚಿಯೇ ಕಳಿಸಿರುತ್ತಾಳೆ. ಅದಕ್ಕೆ `Coat` ಇದೆ. ಅದು ಹೊರಗಿನ ಮೊದಲ ಹೊಳಪನ್ನು ಮಾತ್ರ ಚುರುಕು ಮಾಡುತ್ತದೆ, ಒಳಗಿನ ಕಂದು ಮೆತ್ತಗೇ ಉಳಿಯುತ್ತದೆ. 0.4ರಿಂದ ಶುರು ಮಾಡಿ. ಆ `Coat` ಕಾಣಬೇಕಾದರೆ ಮೇಲೆ ಚಿಯಾಂಗ್ ಮಾಡೆಲ್ ಇರಬೇಕು, 4.0ರಲ್ಲಿ ಬಂದ ಹುವಾಂಗ್ ಇದ್ದರೆ ಸಿಗುವುದಿಲ್ಲ.

ಬುರುಡೆ ಕಾಣುವುದಕ್ಕೆ ಕೂದಲು ಹೆಚ್ಚಿಸಬೇಡಿ ಅಂದೆನಲ್ಲ, ಅದರ ಉಳಿದರ್ಧ ಇಲ್ಲಿದೆ. ಕಿವಿ ಸುತ್ತ 3 ಮಿಲಿಮೀಟರ್ ಇರುವಲ್ಲಿ ಚರ್ಮ ಕಾಣಲೇಬೇಕು. ಆದರೆ ಅದು ಕೆನ್ನೆಯ ಬಣ್ಣದ ಚರ್ಮ ಅಲ್ಲ. ಚರ್ಮದ ಟೆಕ್ಸ್ಚರ್‌ನಲ್ಲಿ ಕೂದಲ ಜಾಗಕ್ಕೆ ಬೂದು ಮಿಶ್ರಿತ ಒಂದು ಛಾಯೆ ಬಳಿಯಿರಿ. ಹಣೆಯ ಅಂಚಿನಲ್ಲಿ ಡೆನ್ಸಿಟಿ ಮಾಸ್ಕ್ ಒಮ್ಮೆಗೇ ಬಿಳಿಯಿಂದ ಕಪ್ಪಿಗೆ ಹೋಗದೆ, ಒಂದು ಸೆಂಟಿಮೀಟರ್ ಅಗಲದಲ್ಲಿ ಮಾಸುತ್ತ ಹೋಗಲಿ.

ಗಾಂಧಿಬಜಾರ್ ಗೇಮರ್
ಇದೆಲ್ಲ ಸೈಕಲ್ಸ್‌ನಲ್ಲಿ ಸರಿ. ನಾಲ್ಕು ನಿಮಿಷ ಅಂದರೆ 24ರ ಲೆಕ್ಕದಲ್ಲಿ 5,760 ಫ್ರೇಮ್. ತುಂಗೆದಂಡೆ ಲ್ಯಾಪ್‌ಟಾಪಲ್ಲಿ ಮುಂದಿನ ಮಳೆಗಾಲ ಬಂದುಬಿಡುತ್ತೆ. ಈವಿ ಹಾಕು, ಮಾಮೂಲಿ `Principled BSDF`ಗೆ ಕಡುಕಂದು ಕೊಡು, ದೂರದ ಶಾಟ್‌ಗೆ ಯಾರಿಗೂ ಗೊತ್ತಾಗಲ್ಲ.

ಹಳೇ ಪಾರ್ಟಿಕಲ್
ಇದೊಂದು ಮಾತು ಗೇಮರ್ ಸರಿಯಾಗಿ ಹೇಳಿದ.

ಶರಾವತಿ ಅಕ್ಕ
ದೂರದ ಶಾಟ್‌ಗೆ ನಾನೂ ಒಪ್ಪುತ್ತೇನೆ. ಹತ್ತಿರದಲ್ಲಿ, ಅದರಲ್ಲೂ ಬೆಳಕು ಹಿಂದಿನಿಂದ ಬರುವಾಗ ಆ ಕಂದು ಅಂಚು ಸಿಗುವುದಿಲ್ಲ. ಒಂದೇ ದೃಶ್ಯದಲ್ಲಿ ಎರಡನ್ನೂ ಬೆರೆಸಿದರೆ ಕಟ್ ಆದಾಗ ಕೂದಲಿನ ಬಣ್ಣ ಹಾರುತ್ತದೆ, ಅದನ್ನು ನೀವೇ ನೋಡಿ ನಿರ್ಧರಿಸಬೇಕು.

ತುಂಗೆದಂಡೆ
ದೂರದ್ದಕ್ಕೆ ಈವಿ, ಮುಖ ಕಾಣುವ ಹನ್ನೊಂದು ಶಾಟ್‌ಗೆ ಸೈಕಲ್ಸ್ ಅಂತ ಇಟ್ಟುಕೊಂಡಿದ್ದೇನೆ. ಬಣ್ಣ ಹಾರಿದರೆ ಮತ್ತೆ ಬಂದು ಅಳುತ್ತೇನೆ.

ಇನ್ನೊಂದು ಗಾಬರಿ. ಹುಡುಗ ಹುಬ್ಬು ಏರಿಸಿದರೆ ಹಣೆಯ ಕೂದಲು ಅಲ್ಲೇ ಗಾಳಿಯಲ್ಲಿ ನಿಲ್ಲುತ್ತದೆ.

ಶರಾವತಿ ಅಕ್ಕ
ಹಣೆಗೆ ಶೇಪ್ ಕೀ ಇದೆ ಅಲ್ವಾ? ತಲೆಯ ಮೆಶ್‌ನ ಶೇಪ್ ಕೀ ಪ್ಯಾನೆಲ್‌ನಲ್ಲಿ `Add Rest Position` ಟಿಕ್ ಮಾಡಿ. ಹೇರ್ ಮೇಲೆ `Surface Deform` ಮಾಡಿಫೈಯರ್ ಇದೆಯಾ ನೋಡಿ, ಮೊದಲು ತಾನಾಗಿಯೇ ಬಂದಿರುತ್ತದೆ, ಕೆಲವರು ಏನಿದು ಅಂತ ಅಳಿಸಿಬಿಡುತ್ತಾರೆ. ತಲೆಯ ಎಡಬಲದ ಯುವಿ ಒಂದರ ಮೇಲೊಂದು ಬಿದ್ದಿರಬಾರದು. ಬಿದ್ದಿದ್ದರೆ ಯಾವ ಕೂದಲು ಎಲ್ಲಿಗೆ ಅಂಟಿದೆ ಅನ್ನುವುದೇ ಅದಕ್ಕೆ ಗೊತ್ತಾಗುವುದಿಲ್ಲ.

ತುಂಗೆದಂಡೆ
ಅಳಿಸಿದ್ದೆ. ಏನಿದು ಅಂತಲೇ ಅಳಿಸಿದ್ದೆ. ವಾಪಸ್ ಹಾಕಿದೆ, ಅಂಟಿಕೊಂಡಿತು.

ಉಳಿದದ್ದು ಮಳೆ. ಗೊರಬು ಗಾಳಿಗೆ ಹಾರಿ ತಲೆ ನೆನೆಯುವ ಶಾಟ್ ಇದೆ. ಗಿಡ್ಡ ಕೂದಲು ನೆಂದರೆ ಗುಂಪಿನ ಅಗಲ ಎಷ್ಟು? 4 ಮಿಲಿಮೀಟರ್ ಅನ್ನೇ ಎಂಟು ಮಾಡಲಾ?

ಗಿಡ್ಡದ ಕರು
ನಂದು ಒದ್ದೆ ಟವಲ್ ಆಗಿತ್ತಲ್ಲ, ಆ ಫೈಲ್ ಇಟ್ಟುಕೊಂಡಿದ್ದೇನೆ. ಬೇಕಾ?

ಶರಾವತಿ ಅಕ್ಕ
`Guide Distance` ಅನ್ನು ಶಾಟ್ ಮಧ್ಯೆ ಬದಲಿಸಿದರೆ ಯಜಮಾನ ಕೂದಲುಗಳೇ ಬದಲಾಗಿ ಗುಂಪು ಜಿಗಿಯುತ್ತದೆ. ಹಾಗಾಗಿ ಅಗಲ ಹಾಗೇ ಬಿಟ್ಟು, `Factor`ಗೆ ಜೋಡಿಸಿದ `Map Range`ನ `To Max` ಮಾತ್ರ 0.5ರಿಂದ 0.9ಕ್ಕೆ ಕೀ ಕೊಡಿ, ಶೇಡರ್‌ನಲ್ಲಿ `Roughness` ಇಳಿಸಿ. ಎಂಟು ಮಿಲಿಮೀಟರ್ ಗುಂಪೇ ಬೇಕು ಅಂದರೆ ಎರಡನೇ ಕ್ಲಂಪ್ ಒಂದನ್ನು ಮೇಲೆ ಹಾಕಿ ಅದನ್ನು ಸೊನ್ನೆಯಿಂದ ಏರಿಸಬೇಕು. ಅಷ್ಟು ಗಿಡ್ಡ ಕೂದಲಿಗೆ ಎರಡು ಕ್ಲಂಪ್ ಹಾಕಿ ನಾನು ಮಾಡಿ ನೋಡಿಲ್ಲ. ಮತ್ತೆ ಮುಳ್ಳುಹಂದಿ ಆದೀತು ಅಂತ ಅನುಮಾನ ಇದೆ.

ಕಟಿಂಗ್ ಸಾಗರ
ನೆಂದರೆ ಎರಡು ಸೆಂಟಿಮೀಟರ್ ಕೂದಲು ಮುಳ್ಳು ಮುಳ್ಳೇ ಆಗುವುದು ಅಕ್ಕ. ಇಲ್ಲಿ ಮಳೆ ಶುರುವಾಗಿದೆ. ನಾಳೆ ಮಗನ ತಲೆ ನೆನೆಸಿ ಫೋಟೋ ಹಾಕುತ್ತೇನೆ, ಹೆಂಡತಿ ಬೈಯದಿದ್ದರೆ.